ಹತ್ತು ಇಂಚಿನ ಟ್ಯಾಬ್ಲೆಟ್, ಒಂದೂವರೆ ವರ್ಷದ ನಂತರ: ಎಲ್ಲಾ ಚೆನ್ನಾಗಿದೆ, ಸ್ಕ್ರೀನ್‌ಶಾಟ್ ಮಾತ್ರ ಅಡ್ಡ ಬೀಳುತ್ತದೆ

ನಾನು ಇಳಕಲ್‌ನವಳು. ಸೀರೆ ಮೇಲೆ ಕಸೂತಿ ಹಾಕಿಸಿ ಮಾರುತ್ತೇನೆ. ನಮೂನೆಗಳನ್ನು ಚೌಕಳಿ ಹಾಳೆಯ ಮೇಲೆ ಬರೆಯುತ್ತಿದ್ದೆ, ಒಂದೂವರೆ ವರ್ಷದಿಂದ ಈ ಟ್ಯಾಬ್ಲೆಟ್‌ನಲ್ಲೇ ಬರೆಯುತ್ತಿದ್ದೇನೆ. ಆಂಡ್ರಾಯ್ಡ್, ಹತ್ತು ಇಂಚು, ಪರದೆ 1920×1200. ಪೆನ್ನು ಚೆನ್ನಾಗಿದೆ. ಬ್ಯಾಟರಿ ಇಡೀ ದಿನ ಬರುತ್ತದೆ. ಅದರ ಬಗ್ಗೆ ಹೇಳೋದು ಜಾಸ್ತಿ ಏನಿಲ್ಲ.

ನನಗೆ ತೊಂದರೆ ಕೊಟ್ಟಿದ್ದು ಸ್ಕ್ರೀನ್‌ಶಾಟ್. ನಮೂನೆ ಬರೆದು ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ ಕಸೂತಿ ಹಾಕುವವರಿಗೆ ಕೊಡುತ್ತೇನೆ. ಟ್ಯಾಬ್ಲೆಟ್ಟನ್ನು ಉದ್ದ ಹಿಡಿದು, ಅಡ್ಡ ಹಿಡಿದು ಕೆಲಸ ಮಾಡುತ್ತಿದ್ದರೆ ಕೆಲವು ಚಿತ್ರಗಳು ಅಡ್ಡ ಮಲಗಿಕೊಂಡು ಸೇವ್ ಆಗುತ್ತವೆ. ತಿರುಗಿಸಿ ನೋಡಿದರೆ ಆಯ್ತಲ್ವಾ ಅಂತ ನೀವು ಕೇಳಬಹುದು. ಆನೆ, ತೇರು, ತುಳಸಿ ಕಟ್ಟೆ ಆದರೆ ಆಯ್ತು, ಆನೆ ಮಲಗಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಗವಂತಿ, ಮುರಗಿ ಅನ್ನೋ ಕಸೂತಿ ಹೊಲಿಗೆಗಳ ಎಷ್ಟೋ ನಮೂನೆಗಳು ಹೇಗೆ ಹಿಡಿದರೂ ಸರಿಯಾಗೇ ಕಾಣುತ್ತವೆ. ಕಸೂತಿಯಲ್ಲಿ ಬಟ್ಟೆ ಮೇಲೆ ಗೆರೆ ಎಳೆಯೋದಿಲ್ಲ, ಎಳೆ ಎಣಿಸಿ ಹಾಕುತ್ತಾರೆ. ನಾನು ಕೊಡುವ ಬಟ್ಟೆಯಲ್ಲಿ ಹಾಸಿನ ಎಳೆ, ಹೊಕ್ಕಿನ ಎಳೆ ಒಂದೇ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ನಮೂನೆ ಬರೆಯುವಾಗಲೇ ಅಗಲಕ್ಕೆ ಇಷ್ಟು, ಎತ್ತರಕ್ಕೆ ಇಷ್ಟು ಅಂತ ಲೆಕ್ಕ ಹಾಕಿರುತ್ತೇನೆ. ಅದು ಅಡ್ಡ ಆದರೆ ಲೆಕ್ಕವೇ ಉಲ್ಟಾ.

ಹಾಗೇ ಆಯಿತು. 36 ಮನೆ ಅಗಲ, 24 ಮನೆ ಎತ್ತರದ ಒಂದು ಮುರಗಿ ನಮೂನೆ, ಸೆರಗಿಗೆ. ಕಸೂತಿ ಹಾಕುವ ಕಾಕೂಗೆ ಪ್ರಿಂಟ್ ಕೊಟ್ಟು ಬಂದೆ. ಎರಡು ದಿನ ಬಿಟ್ಟು ಹೋದರೆ ಹೂ ಎಲ್ಲಾ ಸಣ್ಣಗೆ, ಉದ್ದಕ್ಕೆ ನಿಂತಿವೆ. "ನೀ ಕೊಟ್ಟ ಹಾಳ್ಯಾಗ ಹೆಂಗೈತಿ ಹಂಗ ಹಾಕೀನಿ ನೋಡವ್ವಾ" ಅಂದರು. ಹಾಳೆ ನೋಡಿದೆ. ಅವರು ಹೇಳಿದ್ದು ಸರಿ, ಹಾಳೆಯಲ್ಲಿ 24 ಅಗಲ, 36 ಎತ್ತರ. ಎರಡು ದಿನದ ಕೆಲಸ ಬಿಚ್ಚಿಸಬೇಕಾಯಿತು, ಕೂಲಿ ನಾನೇ ಕೊಟ್ಟೆ. ಅವತ್ತಿನಿಂದ ಇದನ್ನು ಬೆನ್ನು ಹತ್ತಿ ನೋಡಿದೆ.

ಮೊದಲು ಸೆನ್ಸರ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ನೋಡುತ್ತಾ ಹೋದರೆ ಇದು ಒಂದು ದೋಷ ಅಲ್ಲ, ಮೂರು ಬೇರೆ ಬೇರೆ ವಿಷಯ.

ಜಾಸ್ತಿ ಸಲ ಆಗುವುದು ಟ್ಯಾಬ್ಲೆಟ್ ಮೇಜಿನ ಮೇಲೆ ಮಲಗಿರುವಾಗ. ಟ್ಯಾಬ್ಲೆಟ್‌ಗೆ ತಾನು ಅಡ್ಡ ಇದ್ದೇನೋ ಉದ್ದ ಇದ್ದೇನೋ ಗೊತ್ತಾಗುವುದು ಭೂಮಿಯ ಸೆಳೆತ ಅದರ ಯಾವ ಅಂಚಿನ ಕಡೆಗಿದೆ ಅನ್ನುವುದರಿಂದ. ಕೈಯಲ್ಲಿ ಎತ್ತಿ ಹಿಡಿದರೆ ಸೆಳೆತ ಯಾವುದೋ ಒಂದು ಅಂಚಿನ ಕಡೆ ಇರುತ್ತದೆ. ಮೇಜಿನ ಮೇಲೆ ಮಲಗಿಸಿದರೆ ಸೆಳೆತ ನೇರ ಬೆನ್ನಿನ ಕಡೆಗೆ ಹೋಗುತ್ತದೆ, ಯಾವ ಅಂಚಿನ ಕಡೆಗೂ ಇಲ್ಲ. ಆಗ ಅದನ್ನು ಮೇಜಿನ ಮೇಲೇ ಎಷ್ಟು ತಿರುಗಿಸಿದರೂ ಅದಕ್ಕೆ ತಿಳಿಯೋದಿಲ್ಲ, ಕೊನೆಗೆ ಕೈಯಲ್ಲಿದ್ದಾಗ ಹೇಗಿತ್ತೋ ಹಾಗೇ ಇದ್ದೇನೆ ಅಂದುಕೊಂಡಿರುತ್ತದೆ. ನಾನು ಬರೆಯುವಾಗ ಹಾಳೆ ತಿರುಗಿಸಿದ ಹಾಗೆ ಟ್ಯಾಬ್ಲೆಟ್ ತಿರುಗಿಸುತ್ತಿದ್ದೆ, ನನ್ನ ಕಡೆಯಿಂದ ನಮೂನೆ ನೆಟ್ಟಗೆ ಕಾಣುತ್ತಿತ್ತು, ಸ್ಕ್ರೀನ್‌ಶಾಟ್ ಅದರ ಲೆಕ್ಕದಲ್ಲಿ ಸೇವ್ ಆಗುತ್ತಿತ್ತು.

ಎರಡನೆಯದು, ಕೈಯಲ್ಲಿ ತಿರುಗಿಸಿದ ತಕ್ಷಣ ಬಟನ್ ಒತ್ತುವುದು. ಪರದೆ ತಿರುಗುವುದಕ್ಕೆ ಅರ್ಧ, ಒಂದು ಸೆಕೆಂಡ್ ಬೇಕು. ಆ ಮಧ್ಯದಲ್ಲಿ ಒತ್ತಿದರೆ ನನ್ನ ಟ್ಯಾಬ್ಲೆಟ್‌ನಲ್ಲಿ ಒಮ್ಮೊಮ್ಮೆ ಚಿತ್ರ ಹೊಸದು, ದಿಕ್ಕು ಹಳೆಯದು ಆಗಿ ಸೇವ್ ಆಗುತ್ತದೆ. ಇದು ಮಾತ್ರ ಟ್ಯಾಬ್ಲೆಟ್‌ನ ತಪ್ಪು, ಇದಕ್ಕೆ ನಾನು ಒಂದು ಸ್ಟಾರ್ ಕಡಿಮೆ ಕೊಡುತ್ತಿದ್ದೇನೆ.

ಯಾವುದು ಆಗಿದೆ ಅಂತ ತಿಳಿಯೋದು ಸುಲಭ. ಸ್ಕ್ರೀನ್‌ಶಾಟ್‌ನಲ್ಲಿ ಗಡಿಯಾರ, ಬ್ಯಾಟರಿ ಚಿಹ್ನೆ ಎಲ್ಲಿದೆ ನೋಡಿ. ಅದು ಮೇಲೆ ನೆಟ್ಟಗಿದ್ದು ನಿಮ್ಮ ಚಿತ್ರ ಮಾತ್ರ ಅಡ್ಡ ಇದ್ದರೆ ಮೇಜಿನ ಕಥೆ, ಟ್ಯಾಬ್ಲೆಟ್ ತಿರುಗಿದ್ದು ಅದಕ್ಕೆ ಗೊತ್ತೇ ಆಗಿಲ್ಲ. ಗಡಿಯಾರವೇ ಪಕ್ಕದ ಅಂಚಿನಲ್ಲಿ ಅಡ್ಡ ಮಲಗಿದ್ದರೆ ಫೈಲೇ ತಪ್ಪಾಗಿ ಸೇವ್ ಆಗಿದೆ. ಚಿತ್ರ ಬರೆಯುವ ಆ್ಯಪ್‌ಗಳು ಪೂರ್ತಿ ಪರದೆ ತುಂಬಿಕೊಂಡು ಗಡಿಯಾರ ಮುಚ್ಚಿಬಿಡುತ್ತವೆ. ಆ ಸೆಟ್ಟಿಂಗ್ ಆಫ್ ಮಾಡಿಟ್ಟಿದ್ದೇನೆ, ಗಡಿಯಾರ ಕಾಣಲಿ ಅಂತಲೇ.

ಇನ್ನು ಮೂರನೆಯದು, ನನಗೆ ನಷ್ಟ ಮಾಡಿದ್ದು ಇದೇ. ಆ ಮುರಗಿ ನಮೂನೆ ಅಡ್ಡ ಬಿದ್ದಿದ್ದು ನಾನು ನೋಡಿದ್ದೆ! ಗ್ಯಾಲರಿಯಲ್ಲಿ ತಿರುಗಿಸಿ ಸರಿ ಮಾಡಿದ್ದೆ ಕೂಡ. ಗ್ಯಾಲರಿಯಲ್ಲಿ ಇವತ್ತಿಗೂ ಸರಿಯಾಗೇ ಕಾಣುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಪ್ರಿಂಟ್ ಅಂಗಡಿಗೆ ಕೊಟ್ಟರೆ ಅಡ್ಡ ಬಂತು. ಯಾಕಂದ್ರೆ ಈ ಟ್ಯಾಬ್ಲೆಟ್ ಸ್ಕ್ರೀನ್‌ಶಾಟ್‌ಗಳನ್ನು ಜೆಪೆಗ್ ಆಗಿ ಉಳಿಸುತ್ತದೆ, ಇದರ ಗ್ಯಾಲರಿ ತಿರುಗಿಸು ಅಂದರೆ ಚಿತ್ರದ ಚುಕ್ಕೆಗಳನ್ನು ಮುಟ್ಟೋದೇ ಇಲ್ಲ. ಫೈಲ್ ಒಳಗೆ "ಇದನ್ನು ಇಷ್ಟು ತಿರುಗಿಸಿ ತೋರಿಸು" ಅಂತ ಒಂದು ಚೀಟಿ ಬರೆದಿಡುತ್ತದೆ ಅಷ್ಟೇ. ಚೀಟಿ ಓದುವ ಆ್ಯಪ್‌ನಲ್ಲಿ ನೆಟ್ಟಗೆ ಕಾಣುತ್ತದೆ, ಓದದ ಕಡೆ ಅಡ್ಡ. ಆ ಅಂಗಡಿಯ ಹಳೆ ಕಂಪ್ಯೂಟರ್ ಓದುವುದಿಲ್ಲ. ಮನೆ ಲ್ಯಾಪ್‌ಟಾಪ್‌ನಲ್ಲಿ, ಆ ಚೀಟಿ ಓದಿ ತೋರಿಸುವ ಎಕ್ಸಿಫ್‌ಟೂಲ್ ಹಾಕಿಕೊಂಡು ಹೀಗೆ ನೋಡಿದೆ:

```
exiftool -Orientation -ImageSize muragi.jpg
```

ಮೊದಲ ಸಾಲಿನಲ್ಲಿ `Rotate 90 CW`, ಎರಡನೆಯದರಲ್ಲಿ `1200x1920` ಅಂತ ಬಂತು. ಗ್ಯಾಲರಿಯಲ್ಲಿ ಅಗಲವಾಗಿ ಕಾಣುವ ಚಿತ್ರದ ನಿಜವಾದ ಅಗಲ 1200 ಮಾತ್ರ. ಅಂದರೆ ಫೈಲ್ ಇನ್ನೂ ಅಡ್ಡವೇ ಇದೆ, ಮೇಲೆ ಚೀಟಿ ಅಂಟಿಸಿದೆ. ಅಲ್ಲಿ `Horizontal (normal)` ಅಂತ ಬಂದರೆ, ಇಲ್ಲಾ ಆ ಸಾಲೇ ಬರದಿದ್ದರೆ, ಚೀಟಿಯ ಕಾಟ ಇಲ್ಲ.

ಸರಿ ಮಾಡಲು ಫೋಲ್ಡರ್‌ನ ಒಂದು ನಕಲು ತೆಗೆದುಕೊಂಡು, ನಕಲಿನ ಮೇಲೆ ಇಮೇಜ್‌ಮ್ಯಾಜಿಕ್‌ನಲ್ಲಿ ಹೀಗೆ ಓಡಿಸಿದೆ. ನಕಲು ಬೇಕೇ ಬೇಕು, ಇದು ಮೂಲ ಫೈಲ್ ಮೇಲೇ ಬರೆಯುತ್ತದೆ.

```
mogrify -auto-orient *.jpg
```

ಇದು ಚೀಟಿಯಲ್ಲಿ ಬರೆದ ಹಾಗೆ ಚುಕ್ಕೆಗಳನ್ನೇ ತಿರುಗಿಸಿ, ಚೀಟಿಯನ್ನು ಮಾಮೂಲಿಗೆ ತರುತ್ತದೆ. ಚೀಟಿಯೇ ಇಲ್ಲದ, ಮೊದಲ ಎರಡು ರೀತಿಯಲ್ಲಿ ಅಡ್ಡ ಬಿದ್ದ ಚಿತ್ರಗಳನ್ನು ಇದು ತಿರುಗಿಸಲ್ಲ, ಅವನ್ನು ಒಂದೊಂದಾಗಿ ಕಣ್ಣಿಂದ ನೋಡಿ ತಿರುಗಿಸಬೇಕು. ಕಂಪ್ಯೂಟರ್ ಇಲ್ಲದವರು ಗ್ಯಾಲರಿಯಲ್ಲಿ ತಿರುಗಿಸಿದ ಮೇಲೆ ಅಂಚನ್ನು ಸ್ವಲ್ಪ ಕ್ರಾಪ್ ಮಾಡಿ ಸೇವ್ ಮಾಡಿ. ಕ್ರಾಪ್ ಮಾಡಿದರೆ ಚಿತ್ರವನ್ನು ಹೊಸದಾಗಿ ಬರೆಯಲೇಬೇಕು, ನನ್ನ ಟ್ಯಾಬ್ಲೆಟ್‌ನಲ್ಲಿ ಆಗ ದಿಕ್ಕೂ ನಿಜವಾಗಿ ಸರಿಯಾಗುತ್ತದೆ.

ಈಗ ಬರೆಯಲು ಕೂರುವ ಮುಂಚೆ ಟ್ಯಾಬ್ಲೆಟ್ಟನ್ನು ಎತ್ತಿ ಅಡ್ಡ ಹಿಡಿದು, ಪರದೆ ತಿರುಗಿದ ಮೇಲೆ ಆಟೋ ರೊಟೇಟ್ ಆಫ್ ಮಾಡುತ್ತೇನೆ. ತಿರುಗಿಸಿ ಬರೆಯಬೇಕಾದರೆ ಆ್ಯಪ್ ಒಳಗೇ ಎರಡು ಬೆರಳಿಂದ ಹಾಳೆ ತಿರುಗಿಸುತ್ತೇನೆ, ಸ್ಕ್ರೀನ್‌ಶಾಟ್‌ಗೆ ಮುಂಚೆ ಅದನ್ನು ಮತ್ತೆ ನೆಟ್ಟಗೆ ಮಾಡುತ್ತೇನೆ. ಜೊತೆಗೆ ಪ್ರತಿ ನಮೂನೆಯ ಮೇಲಿನ ಅಂಚಿನಲ್ಲಿ ಪೆನ್ನಿಂದಲೇ "ಮ್ಯಾಲೆ" ಅಂತ ಬರೆದು ಒಂದು ಬಾಣ ಹಾಕುತ್ತೇನೆ. ನಾಲ್ಕು ತಿಂಗಳಾಯಿತು, ಒಂದು ಸೆರಗೂ ಬಿಚ್ಚಿಸಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಸ್ಕ್ರೀನ್‌ಶಾಟನ್ನು ನೋಡಿ ಬಿಡುವವರಿಗೆ ಇದು ತೊಂದರೆಯೇ ಅಲ್ಲ, ಧೈರ್ಯವಾಗಿ ತಗೊಳ್ಳಿ. ಪ್ರಿಂಟ್ ಹಾಕಿಸುವವರು ಕೊಂಡ ಮೊದಲ ವಾರದಲ್ಲೇ ಒಂದು ಚಿತ್ರವನ್ನು ಗ್ಯಾಲರಿಯಲ್ಲಿ ತಿರುಗಿಸಿ, ನಿಮ್ಮ ಅಂಗಡಿಯ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ.