ಬಾರ್ಡರ್ ಫೋಟೋ ನೋಡಿ ಇಳಕಲ್ ರೇಷ್ಮೆ ಸೀರೆ ತಗೊಂಡು ಕೈಸುಟ್ಕೊಂಡೆ, ನೀವು ಸೆರಗಿನ ತುದಿ ಫೋಟೋ ಕೇಳಿ

ನಾದಿನಿ ಕುಬಸಕ್ಕೆ, ಅಂದ್ರೆ ಸೀಮಂತಕ್ಕೆ, ಹಸಿರು ಸೀರೆ ಕೊಡಬೇಕಿತ್ತು. ಯಜಮಾನರ ಕಡೆಯವರು ಬಾಗಲಕೋಟೆ ಜಿಲ್ಲೆಯವರು, ಅವರಿಗೆ ಇಳಕಲ್ ಅಂದ್ರೆ ಪ್ರಾಣ, ಸರಿ ಅಂತ ಒಂದು ವಾಟ್ಸಾಪ್ ಗ್ರೂಪಲ್ಲಿ ಮಾರೋರ ಹತ್ರ "ಪ್ಯೂರ್ ಸಿಲ್ಕ್, ಹ್ಯಾಂಡ್‌ಲೂಮ್, ಟೋಪ ತೆನಿ ಸೆರಗು" ಅಂತ ಹಾಕಿದ್ದನ್ನ 8,500 ರೂಪಾಯಿ ಕೊಟ್ಟು ತರಿಸಿದೆ. ಮೂರು ಫೋಟೋ ಕಳಿಸಿದ್ರು. ಒಂದು ಬಾರ್ಡರ್ ಕ್ಲೋಸಪ್, ಇನ್ನೊಂದು ಮಡಚಿಟ್ಟ ಸೀರೆ ಮೇಲೆ ಸೆರಗು, ಮೂರನೇದು ಯಾರೋ ಉಟ್ಕೊಂಡಿರೋದು. ಬಾರ್ಡರ್ ನೋಡಿದ್ರೆ ಅಚ್ಚುಕಟ್ಟಾಗಿ ಕೆಂಪು ಗೋಮಿ ದಡಿ, ಸೆರಗಲ್ಲಿ ಟೋಪ ತೆನಿ ಅನ್ನೋ ಕೆಂಪು ಬಿಳಿ ಗೋಪುರ ಸಾಲು, ಇನ್ನೇನು ಬೇಕು ಅಂತ ದುಡ್ಡು ಕಳಿಸಿಬಿಟ್ಟೆ.

ಸೀರೆ ಬಂತು. ಅತ್ತೆ ಬಿಚ್ಚಿದ್ರು, ಮುಂಭಾಗ ನೋಡ್ಲೇ ಇಲ್ಲ, ಸೀದಾ ಸೆರಗು ಮೈ ಸೇರೋ ಜಾಗ ತಿರುಗಿಸಿ ಬೆರಳಾಡಿಸಿ, "ಕೊಂಡಿ ಎಲ್ಲೈತವ್ವ ಇದ್ರಾಗ?" ಅಂದ್ರು. ನನಗೆ ಕೊಂಡಿ ಅಂದ್ರೆ ಬಾಗಿಲ ಚಿಲಕದ್ದು ಮಾತ್ರ ಗೊತ್ತು.

ಅವತ್ತು ಅವರು ಹೇಳಿಕೊಟ್ಟಿದ್ದನ್ನ ಮೊದಲೇ ತಿಳ್ಕೊಂಡಿದ್ರೆ ಆ ಮೂರು ಫೋಟೋದಲ್ಲೇ ಮೋಸ ಹಿಡೀಬಹುದಿತ್ತು. ಇಳಕಲ್ ಕೈಮಗ್ಗದ ಸೀರೇಲಿ ಮೈಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಹಾಸು ಅಂದ್ರೆ ಉದ್ದಕ್ಕೆ ಹೋಗೋ ನೂಲು, ಅಡ್ಡ ಹೋಗೋದು ಹೊಕ್ಕು. ನೇಯೋದಕ್ಕೆ ಮುಂಚೆ ಮೈ ಹಾಸಿನ ನೂಲಿನ ತುದಿ ಕುಣಿಕೆಗಳನ್ನ ಸೆರಗಿನ ಹಾಸಿನ ಕುಣಿಕೆಗಳಿಗೆ ಒಂದೊಂದಾಗಿ ಕೈಯಲ್ಲೇ ಸಿಕ್ಕಿಸ್ತಾರೆ, ಅದೇ ಕೊಂಡಿ. ಅಂದ್ರೆ ಮೈ ಹಸಿರು ಆದ್ರೆ ಹಸಿರು ಹಾಸು ಕೊಂಡಿವರೆಗೆ ಬಂದು ಅಲ್ಲಿಗೇ ಮುಗೀತು, ಅಲ್ಲಿಂದ ಆಚೆಗೆ ಕೆಂಪು ಹಾಸು. ಹೀಗಾಗಿ ಒಂದು ಸಲ ಹಾಕಿದ ಹಾಸು ಒಂದೇ ಸೀರೆಗೆ ಅಷ್ಟೇ, ಹತ್ತಾರು ಸೀರೆಗೆ ಆಗೋಷ್ಟು ಉದ್ದ ಹಾಸು ಹಾಕ್ಕೊಂಡು ನೇಯ್ತಾ ಹೋಗಕ್ಕಾಗಲ್ಲ, ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಹಾಕ್ಲೇಬೇಕು.

ಪವರ್‌ಲೂಮಲ್ಲಿ ಹಂಗಲ್ಲ. ಹಾಸು ಒಂದೇ, ಹಸಿರು ನೂಲು ಸೀರೆ ಈ ತುದಿಯಿಂದ ಆ ತುದಿವರೆಗೂ ಓಡುತ್ತೆ, ಸೆರಗು ಬಂದಾಗ ಹೊಕ್ಕು ಮಾತ್ರ ಕೆಂಪಿಗೆ ಬದಲಾಯಿಸ್ತಾರೆ. ಹಸಿರು ಹಾಸಿನ ಮೇಲೆ ಕೆಂಪು ಹೊಕ್ಕು ಬಿದ್ರೆ ಬಣ್ಣ ಏನಾಗುತ್ತೆ? ಕೆಂಪು ಕೆಂಪಾಗಿರಲ್ಲ, ಕಂದು ಬಡಿಯುತ್ತೆ, ಬಿಳಿ ಗೋಪುರವೂ ಸ್ವಲ್ಪ ಮಾಸಿದ ಹಾಗೆ ಕಾಣುತ್ತೆ. ನನ್ನ ಸೀರೇಲಿ ಹಾಗೇ ಇತ್ತು. ಫೋಟೋದಲ್ಲೂ ಹಾಗೇ ಇತ್ತು ಕಣ್ರೀ, ಈಗ ಜೂಮ್ ಮಾಡಿ ನೋಡಿದ್ರೆ ಗೊತ್ತಾಗುತ್ತೆ, ಬಾರ್ಡರ್ ಕೆಂಪು ಒಂದು ಥರ, ಸೆರಗಿನ ಕೆಂಪು ಇನ್ನೊಂದು ಥರ. ನಾನು ಲೈಟಿಂಗ್ ಇರಬೇಕು ಅನ್ಕೊಂಡಿದ್ದೆ.

ಅದಕ್ಕೇ ಬಾರ್ಡರ್ ಫೋಟೋ ನಂಬಬೇಡಿ ಅಂತಿರೋದು. ಗೋಮಿ, ಗಾಡಿ, ಚಿಕ್ಕಿ ಪರಾಸ್, ಯಾವ ದಡಿ ಆದ್ರೂ ಮಷಿನ್ ಮಗ್ಗದಲ್ಲಿ ಕಾಪಿ ಹೊಡೀಬಹುದು. ಬಾರ್ಡರ್ ನೋಡಿದ್ರೆ ಇದು ಇಳಕಲ್ ಡಿಸೈನು ಅಂತ ಗೊತ್ತಾಗುತ್ತೆ, ಇಳಕಲ್ ನೇಯ್ಗೆನಾ ಅಂತ ಗೊತ್ತಾಗಲ್ಲ.

ಫೋಟೋದಲ್ಲೇ ಹಿಡಿಯೋಕೆ ಇನ್ನೂ ಸುಲಭದ್ದು ಸೆರಗಿನ ತುದಿ ದಾರ. ಕತ್ತರಿಸದೆ ಬಿಟ್ಟಿರೋ ಆ ದಾರ ಅಂದ್ರೆ ಹಾಸಿನ ನೂಲೇ. ಹಸಿರು ಸೀರೆಗೆ ನಿಜವಾದ ಕೊಂಡಿ ಇದ್ರೆ ತುದೀಲಿ ಕೆಂಪು ದಾರ ಇರಬೇಕು, ಹಸಿರು ದಾರ ಜೋತಾಡ್ತಿದ್ರೆ ಕಥೆ ಮುಗೀತು. ನನ್ನದರಲ್ಲಿ ಏನು ಮಾಡಿದ್ರು ಗೊತ್ತಾ, ಆ ತುದೀನ ಮಡಚಿ ಹೊಲಿದು ಮೇಲೆ ಕೆಂಪು ಕುಚ್ಚು ಕಟ್ಟಿದ್ರು, "ಫ್ರೀ ಕುಚ್ಚು" ಅಂತ ನಾನು ಖುಷಿ ಬೇರೆ ಪಟ್ಟಿದ್ದೆ. ಅತ್ತೆ ಹೊಲಿಗೆ ಬಿಚ್ಚಿದ್ರೆ ಒಳಗೆ ಹಸಿರೋ ಹಸಿರು.

ಒಂದು ಮಾತು, ಮೈಯೂ ಕೆಂಪಾಗಿದ್ರೆ ಈ ಬಣ್ಣದ ಲೆಕ್ಕ ನಡೆಯಲ್ಲ. ಆಗ ಸೀರೆ ತಿರುಗಿಸಿ ಮೈ ಸೆರಗು ಸೇರೋ ಜಾಗದ ಹಿಂಭಾಗದ ಫೋಟೋನೇ ಕೇಳಬೇಕು, ಹಗಲು ಬೆಳಕಲ್ಲಿ, ಹತ್ತಿರದಿಂದ. ಕೊಂಡಿ ಇದ್ರೆ ಅಗಲಕ್ಕೂ ಕುಣಿಕೆ ಸಾಲು ಕಾಣುತ್ತೆ, ಕೈಗೂ ಸಿಗುತ್ತೆ.

ಇಷ್ಟು ಆದ್ಮೇಲೆ ರೇಷ್ಮೆನಾ ಅನ್ನೋದು ಬೇರೆ ಪ್ರಶ್ನೆ, ನಾನು ಎರಡನ್ನೂ ಒಂದೇ ಅನ್ಕೊಂಡಿದ್ದೆ. ಕೊಂಡಿ ಹಾಕಿದ ಕೈಮಗ್ಗದ ಸೀರೆ ಹತ್ತಿದೂ ಇರುತ್ತೆ, ಚಮಕಾದ್ದೂ ಇರುತ್ತೆ. ಚಮಕಾ ಅಂದ್ರೆ ಆರ್ಟ್ ಸಿಲ್ಕ್, ರೇಯಾನ್, ಹೊಳೀತದೆ ಆದ್ರೆ ರೇಷ್ಮೆ ಅಲ್ಲ. ಸೆರಗು ಮಾತ್ರ ರೇಷ್ಮೆ ಹಾಕಿ ಮೈ ಹತ್ತಿ ಇರೋದನ್ನೂ "ಸಿಲ್ಕ್ ಇಳಕಲ್" ಅಂತಲೇ ಮಾರ್ತಾರೆ. ಅತ್ತೆ ನಮ್ಮ ಸೀರೆಯಿಂದ ಉದ್ದದ ಒಂದು ನೂಲು, ಅಡ್ಡದ ಒಂದು ನೂಲು ಎಳೆದು ಬೇರೆ ಬೇರೆ ಸುಟ್ರು. ಎರಡೂ ಪೇಪರ್ ಸುಟ್ಟ ವಾಸನೆ, ಭರ್ರಂತ ಹತ್ಕೊಂಡು ಹೋಯ್ತು. ರೇಷ್ಮೆ ಆಗಿದ್ರೆ ನಿಧಾನಕ್ಕೆ ಸುಟ್ಟು ಕೂದಲು ಸುಟ್ಟ ನಾತ ಬರ್ತಿತ್ತು, ಉಳಿಯೋ ಕರಿ ಬೂದಿ ಬೆರಳಲ್ಲಿ ಪುಡಿ ಆಗ್ತಿತ್ತು. ಎರಡು ನೂಲೂ ಸುಡಬೇಕು, ಯಾಕಂದ್ರೆ ಒಂದು ದಿಕ್ಕಿಗೆ ಮಾತ್ರ ರೇಷ್ಮೆ ಹಾಕಿ, ಅದೇ ನೂಲನ್ನ ನಿಮ್ಮೆದುರು ಸುಟ್ಟು ತೋರಿಸೋರೂ ಇದಾರೆ. ಸಿಲ್ಕ್ ಮಾರ್ಕ್ ಲೇಬಲ್ ಇದ್ರೂ ಅದು ಹೇಳೋದು ನೂಲು ರೇಷ್ಮೆ ಅಂತ ಮಾತ್ರ, ಕೈಮಗ್ಗ ಅಂತ ಅಲ್ಲ, ಅದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ ಇದೆ.

ರೇಟಿನ ವಿಷಯ. ಅತ್ತೆಗೆ ಗೊತ್ತಿರೋ ಇಳಕಲ್‌ನ ನೇಕಾರರ ಮನೆಗೆ ಫೋಟೋ ಕಳಿಸಿದ್ವಿ. ಅವರ ಲೆಕ್ಕದಲ್ಲಿ ನಾನು ತಗೊಂಡ ಪವರ್‌ಲೂಮ್ ಚಮಕಾ ಸೀರೆ ಸಾವಿರ ರೂಪಾಯಿದು. ಅದೇ ಹಸಿರು, ಮೈ ಹತ್ತಿ, ಕೈಮಗ್ಗ, ಕೊಂಡಿ ಸಮೇತ ಅಂದ್ರೆ ಎರಡೂವರೆ ಸಾವಿರದ ಆಸುಪಾಸು. ರೇಷ್ಮೆ ಬೈ ರೇಷ್ಮೆ, ಅಂದ್ರೆ ಹಾಸು ಹೊಕ್ಕು ಎರಡೂ ರೇಷ್ಮೆ, ಕೊಂಡಿ ಇರೋದು, ಎಂಟು ಸಾವಿರದಿಂದ ಮೇಲಕ್ಕೆ. ಕಸೂತಿ ಮಾಡಿಸಿದ್ರೆ ಅದರ ಕೂಲಿ ಬೇರೆ. ಅಂದ್ರೆ ನಾನು ಕೊಟ್ಟ 8,500 ಜಾಸ್ತಿ ರೇಟೇನಲ್ಲ, ಸರಿಯಾದ ರೇಟೇ, ಬಂದಿದ್ದು ಮಾತ್ರ ಬೇರೆ ಸೀರೆ. ಕಡಿಮೆ ರೇಟ್ ಹೇಳಿದ್ರೆ ನನಗೂ ಡೌಟ್ ಬರ್ತಿತ್ತು, ಅಲ್ಲೇ ಮಾರಿದೋರು ಬುದ್ಧಿವಂತರು. ಈಗ ನಾನು ರೇಟ್ ಕೇಳೋಕೆ ಮುಂಚೆ ಮೈಗೆ ಹಾಸು ಯಾವುದು, ಹೊಕ್ಕು ಯಾವುದು, ಸೆರಗಿಗೆ ಯಾವ ನೂಲು, ಕೊಂಡಿ ಇದೆಯಾ, ಎಷ್ಟು ಗಜ ಅಂತ ಬರವಣಿಗೇಲಿ ಕೇಳ್ತೀನಿ. ಅದೇ ಉತ್ತರ ಹಿಡ್ಕೊಂಡು ಇನ್ನಿಬ್ಬರ ಹತ್ರ ಕೇಳಿದ್ರೆ ರೇಟ್ ತಾನಾಗೇ ಗೊತ್ತಾಗುತ್ತೆ. ಬರೀ "ಪ್ಯೂರ್ ಸಿಲ್ಕ್ ಮೇಡಂ" ಅಂತ ಸುತ್ತಿ ಬಳಸಿ ಹೇಳಿದ್ರೆ ಮುಂದಕ್ಕೆ ಹೋಗ್ತೀನಿ.

ವಾಪಸ್ ಕಳಿಸ್ತೀನಿ ಅಂದಾಗ "ಕುಚ್ಚು ಬಿಚ್ಚಿದೀರ, ರಿಟರ್ನ್ ಇಲ್ಲ" ಅಂದ್ರು. ಆ ಕುಚ್ಚು ಯಾಕೆ ಫ್ರೀ ಅಂತ ಆಗ ಅರ್ಥ ಆಯ್ತು. ಕುಬಸಕ್ಕೆ ಆ ನೇಕಾರರ ಮನೆಯಿಂದಲೇ ಬೇರೆ ಸೀರೆ ತರಿಸಿದ್ವಿ, ತುದಿ ಕತ್ತರಿಸಬೇಡಿ ಅಂತ ಅತ್ತೆ ಫೋನಲ್ಲೇ ಹೇಳಿದ್ರು, ಕೆಂಪು ದಾರ ಇಳಿಬಿದ್ದ ಹಾಗೇ ಬಂತು, ಕುಚ್ಚು ಮನೇಲೇ ಕಟ್ಟಿದ್ವಿ.