ಮನುಷ್ಯರಿಗೆ ಬರೆದ ಸ್ಕ್ರಿಪ್ಟನ್ನ ಎಐ ಅವತಾರ್ ಬಾಯಿಗೆ ಹೊಂದಿಸೋದು: ಮೂರು ದಾರಿ ಟ್ರೈ ಮಾಡಿದೆ

ಪಾಸ್‌ವರ್ಡ್ ಬದಲಾಯಿಸೋದು ಹೇಗೆ ಅಂತ ತೋರಿಸೋ ಒಂದು ಟ್ರೇನಿಂಗ್ ವಿಡಿಯೋ, ಸ್ಕ್ರಿಪ್ಟ್ ಮೊದಲು ಒಬ್ರು ನಿರೂಪಕಿಗೆ ಅಂತ ಬರೆದಿದ್ದು, ಆಮೇಲೆ ಅವತಾರ್‌ಗೆ ಕೊಡೋಣ ಅಂತ ಆಯ್ತು. ಅದ್ರಲ್ಲಿ ಒಂದು ಸಾಲು ಹೀಗಿತ್ತು: "ಸರಿ, ಈಗ ಏನ್ಮಾಡ್ತೀವಿ ಅಂದ್ರೆ... ಸೆಟ್ಟಿಂಗ್ಸ್‌ಗೆ ಹೋಗಿ ಅಲ್ಲಿ 3ನೇ ಆಪ್ಷನ್ ಇದ್ಯಲ್ಲ, ಅದನ್ನ ಒತ್ತಿ (ಸ್ವಲ್ಪ ನಿಲ್ಲಿ) ಹೊಸ ಪಾಸ್‌ವರ್ಡ್ ಹಾಕಿ, 12 ಅಕ್ಷರಕ್ಕಿಂತ ಕಡಿಮೆ ಇರಬಾರ್ದು."

ಮೊದಲು ಹಾಗೇ ಪೇಸ್ಟ್ ಮಾಡಿ ಸ್ಪೀಡ್ ಮಾತ್ರ ಇಳಿಸಿದೆ. "ಸ್ವಲ್ಪ ನಿಲ್ಲಿ" ಅನ್ನೋದನ್ನೂ ಅವತಾರ್ ಓದ್ಬಿಡ್ತು! ಅದನ್ನ ತೆಗೆದ್ಮೇಲೂ ಸಮಸ್ಯೆ ಹೋಗ್ಲಿಲ್ಲ, ಯಾಕಂದ್ರೆ ಸ್ಪೀಡ್ ಇಳಿಸಿದ್ರೆ ಪದಗಳೂ ಎಳೆದಂಗೆ ಆಗುತ್ತೆ, "ಹಾಕಿ" ಅನ್ನೋದು "ಹಾಆಕಿ" ಆಗುತ್ತೆ, ಆದ್ರೆ ಎಲ್ಲಿ ಉಸಿರು ಬೇಕೋ ಅಲ್ಲಿ ಮಾತ್ರ ಗ್ಯಾಪ್ ಬರಲ್ಲ.

ಎರಡನೇ ಸಲ ಸಾಲು ಮುಟ್ಟದೆ, ನಿರೂಪಕಿ ಎಲ್ಲೆಲ್ಲಿ ನಿಲ್ತಿದ್ರೋ ಅಲ್ಲೆಲ್ಲ ಬ್ರೇಕ್ ಟ್ಯಾಗ್ ಹಾಕಿದೆ.

```
<break time="700ms"/>
```

ಧ್ವನಿ ಮಾತ್ರ ಕೇಳಿದ್ರೆ ಪರ್ವಾಗಿಲ್ಲ, ಆದ್ರೆ ವಿಡಿಯೋದಲ್ಲಿ ಪ್ರತಿ ಸಲ ಬಾಯಿ ಮುಚ್ಚಿ ಮುಖ ಸ್ತಬ್ಧವಾಗಿ ನಿಂತು ಮತ್ತೆ ಶುರುವಾಗೋದು ನೋಡೋಕೆ ತುಂಬಾ ಕಿರಿಕಿರಿ. ವಾಕ್ಯದ ಮಧ್ಯ ಟ್ಯಾಗ್ ಬಿದ್ರೆ ಸ್ವರ ಅರ್ಧಕ್ಕೇ ಇಳಿದು, ಮಾತು ಮುಗೀತೇನೋ ಅನ್ನಿಸುತ್ತೆ. ಕೆಲವು ಟೂಲ್‌ಗಳು ಈ ಟ್ಯಾಗ್ ತಗೊಳ್ಳೋದೂ ಇಲ್ಲ, ಅದನ್ನ ಮೊದಲೇ ನೋಡ್ಕೊಳ್ಳಿ.

ಮೂರನೇದು ಸಾಲನ್ನೇ ಒಡೆದು ಬರೆಯೋದು, ನನಗೆ ಇದೇ ಸರಿ ಅನ್ನಿಸ್ತು:

"ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಮೂರನೇ ಆಯ್ಕೆಯನ್ನು ಒತ್ತಿ. ಈಗ ಹೊಸ ಪಾಸ್‌ವರ್ಡ್ ಹಾಕಿ. ಅದರಲ್ಲಿ ಕನಿಷ್ಠ ಹನ್ನೆರಡು ಅಕ್ಷರ ಇರಬೇಕು."

ಒಂದು ವಾಕ್ಯಕ್ಕೆ ಒಂದೇ ಕೆಲಸ. ಪೂರ್ಣವಿರಾಮ ಇದ್ದಲ್ಲಿ ಸ್ವರ ತಾನಾಗೇ ಇಳಿದು ಸಣ್ಣ ಗ್ಯಾಪ್ ಬರುತ್ತೆ, ಹಾಗಾಗಿ ಇಡೀ ತುಣುಕಿಗೆ ಒಂದೇ ಟ್ಯಾಗ್ ಸಾಕಾಯ್ತು, "ಒತ್ತಿ" ಆದ್ಮೇಲೆ, ಯಾಕಂದ್ರೆ ನೋಡೋರ ಕಣ್ಣು ಸ್ಕ್ರೀನ್ ಮೇಲೆ ಆ ಆಯ್ಕೆ ಹುಡುಕ್ಬೇಕಲ್ಲ. ಅಂಕಿಯನ್ನ ಅಕ್ಷರದಲ್ಲಿ ಬರೆದಿದ್ದಕ್ಕೂ ಕಾರಣ ಇದೆ, "12" ಅಂತ ಬಿಟ್ರೆ ಒಂದು ಸಲ ಹನ್ನೆರಡು, ಇನ್ನೊಂದು ಸಲ ಟ್ವೆಲ್ವ್ ಅಂತ ಓದಿ ಓಟವೇ ತಪ್ಪುತ್ತಿತ್ತು. "ಏನ್ಮಾಡ್ತೀವಿ ಅಂದ್ರೆ", "ಇದ್ಯಲ್ಲ" ಎರಡೂ ತೆಗೆದೆ, ಅವು ನಿರೂಪಕಿ ಯೋಚಿಸೋಕೆ ಸಮಯ ತಗೊಳ್ಳೋ ಮಾತುಗಳು, ಅವತಾರ್‌ಗೆ ಬೇಕಿಲ್ಲ.

ಪೇಸಿಂಗ್ ಸಮ ಇದ್ಯಾ ಅಂತ ನೋಡೋಕೆ ನಾನು ಪ್ರತಿ ಸೀನ್‌ನ ಅಕ್ಷರ ಎಣಿಸಿ ಸೆಕೆಂಡ್‌ನಿಂದ ಭಾಗಿಸ್ತೀನಿ. ಪದ ಎಣಿಸಿದ್ರೆ ಕನ್ನಡದಲ್ಲಿ ಮೋಸ ಹೋಗ್ತೀವಿ, "ಬದಲಾಯಿಸಬೇಕಾಗುತ್ತದೆ" ಕೂಡ ಒಂದೇ ಪದ, "ಈಗ" ಕೂಡ ಒಂದೇ ಪದ. ಯಾವ ಸೀನ್ ಉಳಿದವಕ್ಕಿಂತ ತುಂಬಾ ವೇಗ ಇದ್ಯೋ ಅದೊಂದನ್ನೇ ತಿದ್ದಿ ಮತ್ತೆ ರೆಂಡರ್ ಮಾಡಿದ್ರಾಯ್ತು.

ಇದ್ರಲ್ಲಿ ಕಳ್ಕೊಳ್ಳೋದೂ ಇದೆ. ಶುರುವಿನ ಸ್ವಾಗತದ ಮಾತನ್ನ ಹೀಗೇ ಒಡೆದಾಗ ಆದೇಶ ಕೊಟ್ಟಂಗೆ ಕೇಳಿಸ್ತು, ಅಲ್ಲಿ ಎರಡು ವಾಕ್ಯನ "ಮತ್ತು" ಹಾಕಿ ಮತ್ತೆ ಸೇರಿಸಿದೆ.