ಹಿಂದಿ ಸುತ್ತೋಲೆಯ ಫೋಟೋ ಕನ್ನಡಕ್ಕೆ: ಮೂರು ದಾರಿಗಳ ಹೋಲಿಕೆ

ನವೋದಯದಲ್ಲಿ ಓದುವ ಮಕ್ಕಳಲ್ಲಿ ಕೆಲವರು ಒಂಬತ್ತನೇ ತರಗತಿಗೆ ಹಿಂದಿ ರಾಜ್ಯದ ಶಾಲೆಗೆ ಹೋಗುತ್ತಾರೆ. ಆಮೇಲೆ ಹಾಸನದ ಮನೆಯ ವಾಟ್ಸಾಪಿಗೆ ಬರುವ ಸುತ್ತೋಲೆ ಹಿಂದಿಯಲ್ಲಿರುತ್ತದೆ. ಅದರ ವಾಕ್ಯ ಸ್ವಲ್ಪ ಒರಟಾಗಿ ಅನುವಾದವಾದರೂ ಪರವಾಗಿಲ್ಲ, ಆದರೆ ದಿನಾಂಕ, ಹೊತ್ತು, ಹಣ ತಪ್ಪಬಾರದು. ಇದನ್ನೇ ಅಳತೆಗೋಲು ಮಾಡಿಕೊಂಡು, ಪ್ರಯೋಗಕ್ಕೆಂದು ಬರೆದ ಒಂದು ಮಾದರಿ ಸುತ್ತೋಲೆಯನ್ನು ಮೂರು ದಾರಿಯಲ್ಲಿ ಕನ್ನಡಕ್ಕೆ ತಂದು ನೋಡಿದೆವು.

ಮಾದರಿಯಲ್ಲಿ ಇದ್ದದ್ದಿಷ್ಟು: ಪೋಷಕರ ಸಭೆ 05/07/2025, ಶನಿವಾರ, 'ಪ್ರಾತಃ ಪೌನೇ ನೌ ಬಜೇ'. ಪರೀಕ್ಷಾ ಶುಲ್ಕ ₹350/-, ಕ್ರೀಡಾ ಶುಲ್ಕ ₹250/-, ಪ್ರವಾಸ ₹900/-, ಒಟ್ಟು ₹1,500/-, ಪಕ್ಕದಲ್ಲಿ ಅಕ್ಷರದಲ್ಲಿ 'ಡೇಢ್ ಹಜಾರ್'. ಕೊನೆಗೆ, ಸೋಮವಾರ 'ಅವಕಾಶ್ ರಹೇಗಾ'.

ಮೊದಲನೆಯದು, ಕಾಗದದ ಮೇಲೆ ಕ್ಯಾಮೆರಾ ಹಿಡಿದರೆ ಅಲ್ಲೇ ಕನ್ನಡ ತೋರಿಸುವ ಆ್ಯಪ್. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ವಿಷಯ ಶುಲ್ಕದ್ದೋ ರಜೆಯದ್ದೋ ಎಂದು ತಿಳಿಯಲು ಸಾಕು, ಅದಕ್ಕಿಂತ ಹೆಚ್ಚಿಗೆ ನಂಬಬೇಡಿ. ಕನ್ನಡದ ಅಕ್ಷರ ಮೂಲದ ಮೇಲೇ ಕೂರುವುದರಿಂದ ಅಂಕಿಯನ್ನು ತಾಳೆ ನೋಡಲು ಆಗುವುದಿಲ್ಲ. ಕೈ ಅಲುಗಿದರೆ ಓದೂ ಬದಲಾಗುತ್ತದೆ. ಪಟ್ಟಿಯಲ್ಲಿ ಒಂದು ಸಾಲಿನ ಹೆಸರಿಗೆ ಇನ್ನೊಂದು ಸಾಲಿನ ಮೊತ್ತ ಅಂಟಿಕೊಳ್ಳುವುದೂ ಉಂಟು.

ಎರಡನೆಯದು, ಫೋಟೋವನ್ನು ನೇರವಾಗಿ ಓದಿ ಅನುವಾದಿಸುವ ಎಐ ಆ್ಯಪ್. ಮೂರರಲ್ಲಿ ಓದಲು ಚೆಂದದ ಕನ್ನಡ ಇದರದ್ದೇ. ಅಪಾಯವೂ ಆ ಚೆಂದದಲ್ಲೇ ಇದೆ. ಮಡಿಕೆಯ ಮೇಲೆ ಬಿದ್ದು ಅಳಿಸಿದ ಅಂಕಿಯ ಜಾಗದಲ್ಲಿ ಒಪ್ಪುವಂಥ ಬೇರೊಂದು ಅಂಕಿ ಬಂದು ಕೂತರೆ, ವಾಕ್ಯ ನೋಡಿ ಗೊತ್ತಾಗುವುದೇ ಇಲ್ಲ. ಸಂಖ್ಯೆಗಳನ್ನು ಮೂಲದಲ್ಲಿ ಇದ್ದ ಹಾಗೇ ಬರೆಯಬೇಕು, ಕಾಣದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು ಎಂಬ ಸೂಚನೆ ಕೊಟ್ಟರೆ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಮೂರನೆಯದು ನಿಧಾನದ ದಾರಿ, ನಮ್ಮ ಆಯ್ಕೆಯೂ ಅದೇ. ಮೊದಲು ಫೋಟೋದಲ್ಲಿರುವ ಅಕ್ಷರ ಓದಿ ಪಠ್ಯವಾಗಿಸುವ ಆ್ಯಪಿನಿಂದ, ಅನುವಾದ ಮಾಡಿಸದೆ, ಹಿಂದಿ ಪಠ್ಯವನ್ನು ಅಂಕಿಗಳ ಸಮೇತ ಎತ್ತಿಕೊಳ್ಳಿ. ಅದನ್ನು ಫೋಟೋ ಪಕ್ಕದಲ್ಲಿಟ್ಟು ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿ. ₹ ಚಿಹ್ನೆ 7 ಆಗಿ, 350 ಎನ್ನುವುದು 7350 ಆಗಬಹುದು. ಕೊನೆಯ '/-' ಒಂದು 1 ಆಗಿ ಮೊತ್ತಕ್ಕೆ ಅಂಟಬಹುದು. ಸುತ್ತೋಲೆಯಲ್ಲಿ ದೇವನಾಗರಿ ಅಂಕಿಗಳಿದ್ದರೆ ಒಂದು ಮತ್ತು ಒಂಬತ್ತರ ಮೇಲೆ ವಿಶೇಷ ಕಣ್ಣಿಡಿ. ತಾಳೆಯಾದ ಮೇಲೆ ಸಂಖ್ಯೆಗಳನ್ನು ತೆಗೆದು ಗುರುತು ಹಾಕಿ, ಪಠ್ಯವನ್ನಷ್ಟೇ ಅನುವಾದಕ್ಕೆ ಕೊಡಿ:

```
X1 = 05/07/2025
X2 = 8:45
X3 = 350
X4 = 250
X5 = 900
X6 = 1,500
```

ಕನ್ನಡ ಬಂದ ನಂತರ ಗುರುತುಗಳ ಜಾಗಕ್ಕೆ ಸಂಖ್ಯೆಗಳನ್ನು ವಾಪಸ್ ಇಡಿ. ಹೀಗೆ ಮಾಡಿದರೆ ಅನುವಾದದ ಯಂತ್ರಕ್ಕೆ ಸಂಖ್ಯೆ ಮುಟ್ಟುವ ಅವಕಾಶವೇ ಇರುವುದಿಲ್ಲ.

X2 ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ಹೇಳಬೇಕು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. 'ಪೌನೇ ನೌ' ಅಂದರೆ ಒಂಬತ್ತಕ್ಕೆ ಕಾಲು ಗಂಟೆ ಕಡಿಮೆ, ಅಂದರೆ 8:45. ನಾವು ಕನ್ನಡದಲ್ಲಿ ಕಳೆದ ಗಂಟೆಗೆ ಕೂಡಿಸಿ 'ಎಂಟೂ ಮುಕ್ಕಾಲು' ಎನ್ನುತ್ತೇವೆ, ಹಿಂದಿಯವರು ಬರುವ ಗಂಟೆಯಿಂದ ಕಳೆಯುತ್ತಾರೆ. ಅದನ್ನು 'ಒಂಬತ್ತೂ ಮುಕ್ಕಾಲು' ಎಂದುಕೊಂಡವರು ಸಭೆಗೆ ಸರಿಯಾಗಿ ಒಂದು ಗಂಟೆ ತಡ. 'ಸವಾ ನೌ' 9:15, 'ಸಾಢೇ ನೌ' 9:30. ಹಣದಲ್ಲಿ 'ಡೇಢ್ ಹಜಾರ್' 1,500, 'ಢಾಯಿ ಸೌ' 250, 'ಸವಾ ಸೌ' 125. ಧಾರವಾಡದ ಕಡೆಯವರ ಕಿವಿಗೆ ಸವಾ, ದೀಡ್ ಬಿದ್ದಿರುತ್ತವೆ, ನಮ್ಮ ಕಡೆ ಅಷ್ಟಿಲ್ಲ. ಇವನ್ನೆಲ್ಲ ಅನುವಾದಕ್ಕೆ ಕೊಡುವ ಮೊದಲೇ ಕೈಯಾರೆ ಅಂಕಿಗೆ ಇಳಿಸಿ.

ಕೊನೆಯ ತಪಾಸಣೆಗೆ ಸುತ್ತೋಲೆಯೇ ಸಾಕ್ಷಿ ಒದಗಿಸುತ್ತದೆ. ಕೆಲವು ಅನುವಾದಗಳು ಇಂಗ್ಲಿಷ್ ಮೂಲಕ ಸುತ್ತಿ ಬರುತ್ತವೆ, ಆಗ 05/07 ಎಂಬುದು ಮೇ 7 ಆಗಿಬಿಡಬಹುದು. ಕ್ಯಾಲೆಂಡರ್ ನೋಡಿ: 2025ರ ಜುಲೈ 5 ಶನಿವಾರ, ಮೇ 7 ಬುಧವಾರ. ವಾರ ಕೂಡದಿದ್ದರೆ ದಿನಾಂಕ ತಪ್ಪಿದೆ. ಹಾಗೆಯೇ 350, 250, 900 ಕೂಡಿಸಿದರೆ 1,500 ಬರಬೇಕು, ಅದು 'ಡೇಢ್ ಹಜಾರ್'ಗೂ ಹೊಂದಬೇಕು. ಮೂರರಲ್ಲಿ ಒಂದು ಹೊಂದದಿದ್ದರೂ ಹಣ ಕಟ್ಟುವ ಮೊದಲು ಫೋಟೋಗೆ ಮರಳಿ.

ಇನ್ನು 'ಅವಕಾಶ್'. ಹಿಂದಿಯಲ್ಲಿ ಅದು ರಜೆ. ಕನ್ನಡದ ಅಭ್ಯಾಸದಲ್ಲಿ ಓದಿದರೆ ಸೋಮವಾರ ಏನೋ ಅವಕಾಶ ಕೊಟ್ಟಿದ್ದಾರೆ ಅನ್ನಿಸುತ್ತದೆ.

ಯಾವ ದಾರಿ ಹಿಡಿದರೂ ಫೋಟೋ ಕೆಟ್ಟದ್ದಾದರೆ ಫಲವಿಲ್ಲ. ವಾಟ್ಸಾಪಿನಲ್ಲಿ ಮಾಮೂಲಿ ಚಿತ್ರವಾಗಿ ಬಂದರೆ ಅದು ಕುಗ್ಗಿ, ಸಣ್ಣ ಅಂಕಿಗಳು ಮಸುಕಾಗುತ್ತವೆ. ಕಾಗದವನ್ನು ಮಡಿಕೆ ಬಿಡಿಸಿ ಕಿಟಕಿ ಬೆಳಕಿನಲ್ಲಿ ನೇರ ಮೇಲಿಂದ ತೆಗೆದು, ಡಾಕ್ಯುಮೆಂಟ್ ಆಗಿ ಕಳಿಸಲು ಮಗುವಿಗೆ ಹೇಳಿ.